ಶಿವಮೊಗ್ಗದ ರಾತ್ರಿ, ನ್ಯೂಯಾರ್ಕಿನ ಬೆಳಗು

ಮನೆಯಲ್ಲಿ ಕೂತು ಹೊರದೇಶದ ಕಂಪನಿಗೆ ದುಡಿಯಲು ಬಯಸುವವರು ತಮ್ಮ ಪರಿಚಯದಲ್ಲಿ ‘ಯಾವ ಹೊತ್ತಿಗಾದರೂ ಸಿದ್ಧ’ ಎಂದು ಬರೆದುಬಿಡುತ್ತಾರೆ. ಓದುವವರಿಗೆ ಬೇಕಾದ್ದು ಅದಲ್ಲ. ತಮ್ಮ ತಂಡ ಕೆಲಸದಲ್ಲಿರುವಾಗ ಈ ವ್ಯಕ್ತಿ ದಿನಕ್ಕೆ ಎಷ್ಟು ಗಂಟೆ ಮಾತಿಗೆ ಸಿಗುತ್ತಾರೆ ಎಂಬುದು ಅವರ ಪ್ರಶ್ನೆ.

ಶಿವಮೊಗ್ಗದ ಸಾಫ್ಟ್‌ವೇರ್ ಟೆಸ್ಟರ್ ಒಬ್ಬಳು ನ್ಯೂಯಾರ್ಕಿನ ಕಂಪನಿಗೆ ಅರ್ಜಿ ಹಾಕುತ್ತಿದ್ದಾಳೆ ಎನ್ನಿ. ಅವಳ ಕೆಲಸ ಮಧ್ಯಾಹ್ನ 1ರಿಂದ ರಾತ್ರಿ 10ರವರೆಗೆ. ಅಲ್ಲಿಯ ಬೆಳಗಿನ 9 ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 6.30. ಹಾಗಾಗಿ ಇಬ್ಬರೂ ಜೊತೆಗಿರುವುದು ಮೂರೂವರೆ ಗಂಟೆ. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ಆಗ ಅಲ್ಲಿಯ 9 ಗಂಟೆ ನಮ್ಮ 7.30 ಆಗಿ, ಉಳಿಯುವುದು ಎರಡೂವರೆ ಗಂಟೆ. ಮಾರ್ಚ್ ಎರಡನೇ ಭಾನುವಾರದವರೆಗೂ ಹೀಗೇ. ಪರಿಚಯದಲ್ಲಿ ಬರೆಯಬೇಕಾದ್ದು ಈ ಎರಡೂವರೆ. ಬೇಸಿಗೆಯ ಲೆಕ್ಕ ಕೊಟ್ಟು ಕೆಲಸಕ್ಕೆ ಸೇರಿದವರು ಚಳಿಗಾಲದಲ್ಲಿ ನಡುರಾತ್ರಿಯ ಮೀಟಿಂಗಿಗೆ ಸಿಕ್ಕಿಬೀಳುತ್ತಾರೆ.

ಇನ್ನೊಂದು ಸಣ್ಣ ಸಂಗತಿ. ಐಎಸ್‌ಟಿ ಎಂಬ ಮೂರಕ್ಷರವನ್ನು ಐರ್ಲೆಂಡಿನವರೂ ಇಸ್ರೇಲಿನವರೂ ತಮ್ಮ ಸಮಯಕ್ಕೆ ಬಳಸುತ್ತಾರೆ. ‘ಯುಟಿಸಿ +5:30’ ಎಂದು ಬರೆದರೆ ಗೊಂದಲವೇ ಇಲ್ಲ.

ಸ್ಲ್ಯಾಕ್, ಜಿರಾ, ಗಿಟ್‌ಹಬ್ ಎಂದು ಬರೀ ಹೆಸರು ಜೋಡಿಸಿದರೆ ಏನೂ ತಿಳಿಯುವುದಿಲ್ಲ. ‘ದೋಷಗಳನ್ನು ಜಿರಾದಲ್ಲಿ ದಾಖಲಿಸುತ್ತೇನೆ, ಸ್ಲ್ಯಾಕ್‌ನಲ್ಲಿ ಆದ ತೀರ್ಮಾನವನ್ನು ಅದೇ ದಿನ ಅಲ್ಲಿಗೆ ಸೇರಿಸುತ್ತೇನೆ’ ಎಂದರೆ ಅವಳು ಕೆಲಸ ಮಾಡುವ ರೀತಿ ಕಣ್ಣಿಗೆ ಕಟ್ಟುತ್ತದೆ.

ನನ್ನ ಮಟ್ಟಿಗೆ ಇಡೀ ಪರಿಚಯದಲ್ಲಿ ತೂಕದ ಭಾಗವೆಂದರೆ, ಎದುರಿಗೆ ಯಾರೂ ಇಲ್ಲದಾಗ ಕೆಲಸ ಹೇಗೆ ಸಾಗಿಸುತ್ತೇವೆ ಎಂಬ ವಿವರ. ಚಳಿಗಾಲದ ಒಂದು ರಾತ್ರಿ 10ಕ್ಕೆ ಅವಳು ‘ಪೇಮೆಂಟ್ ಪುಟ ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದು ಮಲಗಿದಳು ಅಂದುಕೊಳ್ಳಿ. ಅಲ್ಲಿ ಆಗ ಬೆಳಗಿನ 11.30. ಯಾವ ಫೋನಿನಲ್ಲಿ ಎಂದು ಅಲ್ಲಿಯವರು ಕೇಳುತ್ತಾರೆ. ಅವಳು ಅದನ್ನು ನೋಡುವುದು ಮರುದಿನ ಮಧ್ಯಾಹ್ನ 1ಕ್ಕೆ, ಅವರಿಗಾಗ ನಡುರಾತ್ರಿ 2.30. ಉತ್ತರ ಅವರ ಕಣ್ಣಿಗೆ ಬೀಳುವುದು ಬೆಳಗ್ಗೆ 9ಕ್ಕೆ. ಒಂದು ಪದದ ಉತ್ತರಕ್ಕೆ ಒಂದು ದಿನ ಹೋಯಿತು!

ಅದಕ್ಕೇ ಫೋನಿನ ಮಾದರಿ, ಆಪ್‌ನ ಆವೃತ್ತಿ, ಏನೇನು ಒತ್ತಿದಾಗ ಏನಾಯಿತು, ಏನಾಗಬೇಕಿತ್ತು ಎಂಬುದೆಲ್ಲ ಮೊದಲ ಟಿಪ್ಪಣಿಯಲ್ಲೇ ಇರಬೇಕು. ಕೊನೆಗೆ ‘ನಿಮ್ಮ ಉತ್ತರ ಬರದಿದ್ದರೆ ನಾಳೆ ಲಾಗಿನ್ ಪರೀಕ್ಷೆ ಕೈಗೆತ್ತಿಕೊಳ್ಳುತ್ತೇನೆ’ ಎಂಬ ಸಾಲೂ ಬೇಕು. ಹೆಸರು, ಗುಟ್ಟಿನ ವಿವರ ತೆಗೆದ ಇಂಥದೊಂದು ಮಾದರಿ ಟಿಪ್ಪಣಿಯನ್ನು ಪರಿಚಯದ ಜೊತೆ ಲಗತ್ತಿಸಬಹುದು.

ಮಿತಿಯನ್ನೂ ಹೇಳಿಬಿಡುವುದು ವಾಸಿ: ಸಂದೇಶಕ್ಕೆ ಕೆಲಸದ ವೇಳೆಯಲ್ಲಿ ಎರಡು ಗಂಟೆಯೊಳಗೆ ಉತ್ತರ, ರಾತ್ರಿ 10ರ ನಂತರ ತುರ್ತಿದ್ದರೆ ಮಾತ್ರ ಫೋನ್.