‘ಇನ್ನಷ್ಟು ವಿಮರ್ಶಾತ್ಮಕವಾಗಿರಲಿ’: ಒಂದು ಷರಾವನ್ನು ಓದುವ ಬಗೆ

ಪ್ರಬಂಧದ ಕರಡು ಮಾರ್ಗದರ್ಶಕರ ಕೈಯಿಂದ ಮರಳಿದಾಗ ಅಂಚಿನಲ್ಲಿ ಹೆಚ್ಚಾಗಿ ಕಾಣುವ ಷರಾ ಇದು. ಗುರುವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನು ವಿದ್ವಾಂಸರನ್ನು ಖಂಡಿಸಬೇಕೆಂಬ ಸೂಚನೆಯೆಂದು ತಿಳಿಯುತ್ತಾರೆ. ಮತ್ತೆ ಕೆಲವರು ವಿಶ್ವಾಸದ ಸತ್ಯವನ್ನೇ ಸಂದೇಹಿಸಲು ಹೇಳುತ್ತಿದ್ದಾರೆಂದು ಅಳುಕುತ್ತಾರೆ. ನಮ್ಮ ಭಾಷೆಯಲ್ಲಿ ಈ ಗೊಂದಲ ಸಹಜವೇ. ಮೂಲಗ್ರಂಥದ ವ್ಯಾಖ್ಯಾನಕ್ಕೆ ಸಲ್ಲುತ್ತಿದ್ದ ‘ಟೀಕೆ’ ಎಂಬ ಪದವನ್ನು ನಾವು ಇಂದು ತಪ್ಪು ಹುಡುಕುವುದಕ್ಕೆ ಬಳಸುತ್ತೇವೆ. ಆದರೆ ‘ಕ್ರಿಟಿಕಲ್’ ಎಂಬ ಪದದ ಹಿಂದಿರುವ ಗ್ರೀಕ್ ಕ್ರಿಯಾಪದ ‘ಕ್ರಿನೇಯ್ನ್’ಗೆ ಬೇರ್ಪಡಿಸುವುದು, ತೀರ್ಮಾನಿಸುವುದು ಎಂಬ ಅರ್ಥಗಳಿವೆ. ಮಾರ್ಗದರ್ಶಕರು ಸಾಮಾನ್ಯವಾಗಿ ಕೇಳುತ್ತಿರುವುದು ಇದನ್ನೇ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಫಿಲಿಪ್ಪಿಯರಿಗೆ ಬರೆದ ಪತ್ರದ 2:6-11ನ್ನು ಕುರಿತ ಅಧ್ಯಾಯದಲ್ಲಿ ಹೀಗೊಂದು ಪರಿಚ್ಛೇದವಿದೆ: “ಇದು ಸಂತ ಪೌಲರಿಗಿಂತ ಮೊದಲೇ ಇದ್ದ ಸ್ತುತಿಗೀತೆಯೆಂದು ಲೋಮಯರ್ ಹೇಳುತ್ತಾರೆ. ಇದರಲ್ಲಿ ಕ್ರಿಸ್ತರಿಗೂ ಆದಾಮನಿಗೂ ಹೋಲಿಕೆಯಿದೆ, ಆದ್ದರಿಂದ ಕ್ರಿಸ್ತರ ಪೂರ್ವಾಸ್ತಿತ್ವವನ್ನು ಇಲ್ಲಿ ಓದಲೇಬೇಕಾಗಿಲ್ಲ ಎಂದು ಡನ್ ಹೇಳುತ್ತಾರೆ. ಪೂರ್ವಾಸ್ತಿತ್ವ ಇಲ್ಲಿದೆ ಎಂದು ರೈಟ್ ಹೇಳುತ್ತಾರೆ.” ಇದರ ಅಂಚಿನಲ್ಲಿ ನಮ್ಮ ಷರಾ ಬಿದ್ದಿದೆ.

ಮೊದಲು ಷರಾ ಯಾವ ಸಾಲಿನ ಎದುರಿಗಿದೆ ಎಂಬುದನ್ನು ನೋಡಬೇಕು. ಅನಂತರ ಆ ಪರಿಚ್ಛೇದದ ಕ್ರಿಯಾಪದಗಳಿಗೆ ಗೆರೆ ಎಳೆಯಬೇಕು. ಇಲ್ಲಿ ಮೂರು ವಾಕ್ಯಗಳೂ ‘ಹೇಳುತ್ತಾರೆ’ ಎಂದೇ ಮುಗಿಯುತ್ತವೆ. ಡನ್ ಮತ್ತು ರೈಟ್ ಪರಸ್ಪರ ಭಿನ್ನವಾಗಿ ಮಾತಾಡಿದ್ದರೂ ಆ ಭಿನ್ನತೆ ಯಾವುದರ ಮೇಲೆ ನಿಂತಿದೆ ಎಂಬುದನ್ನು ಲೇಖಕನು ಹೇಳಿಲ್ಲ. ಆದ್ದರಿಂದ ಷರಾವನ್ನು ಒಂದು ಪ್ರಶ್ನೆಯಾಗಿ ಬರೆದುಕೊಳ್ಳಬಹುದು: “ಡನ್ ಅವರ ವಾದ ನಿಲ್ಲಬೇಕಾದರೆ ಯಾವ ಸಂಗತಿ ನಿಜವಾಗಿರಬೇಕು?”

1980ರ ತಮ್ಮ ಗ್ರಂಥದಲ್ಲಿ ಡನ್ ಈ ಗೀತೆಯನ್ನು ಆದಾಮನ ಕಥೆಯ ಹಿನ್ನೆಲೆಯಲ್ಲಿ ಓದುತ್ತಾರೆ. ಹಾಗೆ ಓದಲು ಗೀತೆಯ ‘ಮೊರ್ಫೆ’ (ರೂಪ) ಎಂಬ ಪದವು ಆದಿಕಾಂಡದ ದೇವಸ್ವರೂಪಕ್ಕೆ ಸಮೀಪವಾಗಿರಬೇಕು. ಆದರೆ ಆದಿಕಾಂಡ 1:26-27ರ ಗ್ರೀಕ್ ಅನುವಾದದಲ್ಲಿರುವುದು ‘ಎಯ್ಕೋನ್’, ‘ಮೊರ್ಫೆ’ ಅಲ್ಲ. ಅಲ್ಲದೆ ಗೀತೆಯ 7ನೆಯ ವಚನದಲ್ಲಿ ‘ದಾಸನ ರೂಪ’ ಎನ್ನುವಾಗಲೂ ‘ಮೊರ್ಫೆ’ಯೇ ಬರುತ್ತದೆ, ಅಲ್ಲಿ ಅದನ್ನು ‘ದಾಸನ ಸ್ವರೂಪ’ ಎಂದು ಆದಿಕಾಂಡದ ಅರ್ಥದಲ್ಲಿ ಓದುವುದು ಕಷ್ಟ. ಇಷ್ಟಕ್ಕೇ ವಾದ ಮುಗಿಯಿತೆಂದು ಬರೆದರೆ ಅದೂ ವಿಮರ್ಶೆಯಾಗದು. ಒಂದು ಸೂಚ್ಯೋಕ್ತಿಯು ಒಂದೇ ಪದವನ್ನು ಅವಲಂಬಿಸಬೇಕಾಗಿಲ್ಲ. ದೇವರಿಗೆ ಸರಿಸಮನಾಗುವ ಆಸೆ ಆದಿಕಾಂಡ 3:5ರಲ್ಲೂ ಇದೆಯಲ್ಲವೇ ಎಂದು ಡನ್ ಅವರ ಪರವಾಗಿ ಕೇಳಬಹುದು. ರೈಟ್ ಕೂಡ ಆದಾಮನ ಪ್ರತಿಧ್ವನಿಯನ್ನು ತಳ್ಳಿಹಾಕುವುದಿಲ್ಲ. ಪ್ರತಿಧ್ವನಿಯಿದ್ದರೆ ಪೂರ್ವಾಸ್ತಿತ್ವ ಇರಲಾರದು ಎಂಬ ಅನುಮಾನವನ್ನು ಮಾತ್ರ ಒಪ್ಪುವುದಿಲ್ಲ. ಭಿನ್ನಾಭಿಪ್ರಾಯದ ನಿಜವಾದ ಸ್ಥಳ ಇಲ್ಲಿದೆ.

ಈಗ ತಿದ್ದಿದ ಪರಿಚ್ಛೇದ ಹೀಗಿರಬಹುದು: “ಗೀತೆಯಲ್ಲಿ ಆದಾಮನ ಪ್ರತಿಧ್ವನಿಯಿದೆ ಎಂಬ ಡನ್ ಅವರ ಗ್ರಹಿಕೆಗೆ ಆದಿಕಾಂಡ 3:5 ಬಲ ಕೊಡುತ್ತದೆ. ಆದರೆ ‘ಮೊರ್ಫೆ’ಯನ್ನು ‘ಎಯ್ಕೋನ್’ಗೆ ಸಮಾನವೆಂದು ಹಿಡಿಯಲು 7ನೆಯ ವಚನ ತಡೆಯಾಗುತ್ತದೆ. ಹೀಗಾಗಿ ಆ ಪ್ರತಿಧ್ವನಿಯೊಂದರಿಂದಲೇ ಪೂರ್ವಾಸ್ತಿತ್ವವನ್ನು ಹೊರಗಿಡಲಾಗದು.” ಲೋಮಯರ್ ಇಲ್ಲಿ ಬರುವ ಅಗತ್ಯವೇ ಇಲ್ಲ. ಗೀತೆಯ ಮೂಲದ ಪ್ರಶ್ನೆ ಬೇರೆ. ಅವರ 1928ರ ಅಧ್ಯಯನಕ್ಕೆ ಅಧ್ಯಾಯದ ಆರಂಭವೇ ಸರಿಯಾದ ಜಾಗ. ವಿಮರ್ಶಾತ್ಮಕವಾಗಿ ತಿದ್ದಿದ ಪುಟ ಹಲವು ಬಾರಿ ಚಿಕ್ಕದಾಗುತ್ತದೆ ಎಂಬುದನ್ನು ನಾವು ಗಮನಿಸಿದ್ದೇವೆ.

ತಪ್ಪು ತಿದ್ದುಪಡಿಯನ್ನು ಗುರುತಿಸುವುದು ಸುಲಭ. ‘ದುರ್ಬಲ’, ‘ಏಕಮುಖ’, ‘ಅತೃಪ್ತಿಕರ’ ಎಂಬ ವಿಶೇಷಣಗಳು ಸೇರಿರುತ್ತವೆ, ಕಾರಣ ಸೇರಿರುವುದಿಲ್ಲ. ಹೊಸದಾಗಿ ಸೇರಿಸಿದ ವಾಕ್ಯವನ್ನು ಕೈಯಿಂದ ಮುಚ್ಚಿ ಮುಂದಿನದನ್ನು ಓದಬೇಕು. ತೀರ್ಮಾನ ಒಂದಿಷ್ಟೂ ಬದಲಾಗದಿದ್ದರೆ ಆ ವಾಕ್ಯ ಅಲಂಕಾರಕ್ಕಷ್ಟೇ ಇದೆ.

ಆದರೆ ಷರಾ ಎಲ್ಲೆಡೆಯೂ ಇದೇ ಅರ್ಥ ಕೊಡುವುದಿಲ್ಲ. ತೀರ್ಮಾನದ ಎದುರಿಗೆ ಬಂದರೆ, ಸಾಕ್ಷ್ಯಕ್ಕಿಂತ ಹೆಚ್ಚು ಹೇಳಿದ್ದೀರಿ ಎಂಬ ಸೂಚನೆ ಅದರಲ್ಲಿರಬಹುದು. ಧರ್ಮಸಭೆಯ ದಾಖಲೆಯೊಂದರ ಉಲ್ಲೇಖದ ಎದುರಿಗೆ ಬಂದರೆ, ಆ ದಾಖಲೆಯ ಪ್ರಕಾರವೇನು, ಅದಕ್ಕಿರುವ ಅಧಿಕಾರದ ಮಟ್ಟವೇನು ಎಂಬುದನ್ನು ಬಿಡಿಸಿ ಹೇಳಿರೆಂದು ಕೇಳುತ್ತಿರಬಹುದು. ಅಧ್ಯಾಯದ ಕೊನೆಯಲ್ಲಿ ಒಂಟಿಯಾಗಿ ನಿಂತಿದ್ದರೆ ಊಹೆ ಸಾಲದು. ಆಗ “ಸ್ವಾಮಿ, ಇದರ ಅರ್ಥವೇನು?” ಎಂದು ಕೇಳುವುದಕ್ಕಿಂತ, ತಾನೇ ತಿದ್ದಿದ ಒಂದು ಪರಿಚ್ಛೇದವನ್ನು ಹಳೆಯದರ ಪಕ್ಕದಲ್ಲಿಟ್ಟು, “ತಾವು ಬಯಸಿದ್ದು ಈ ಬಗೆಯದೇ?” ಎಂದು ಕೇಳುವುದು ಮೇಲು. ಮಾರ್ಗದರ್ಶಕರು ಅಲ್ಲವೆಂದರೂ, ಯಾವುದು ಅಲ್ಲ ಎಂಬುದನ್ನು ಆ ಎರಡು ಪರಿಚ್ಛೇದಗಳ ಮೇಲೆಯೇ ಬೆರಳಿಟ್ಟು ತೋರಿಸಬೇಕಾಗುತ್ತದೆ.