ಬಸ್ಸು ಲೇಟಾಗೋದು ನಿಮ್ಮ ಸ್ಟಾಪಿನಲ್ಲಲ್ಲ

"ಇವತ್ತೂ ಹದಿನೈದು ನಿಮಿಷ ಲೇಟು." ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬೆಳಗ್ಗೆ ಬಸ್ಸಿಗೆ ಕಾಯುವವರ ಬಾಯಲ್ಲಿ ದಿನವೂ ಕೇಳುವ ಮಾತಿದು. ಮಾರತ್ತಹಳ್ಳಿಯಲ್ಲಿ ನಿಂತವರು ಮಾರತ್ತಹಳ್ಳಿ ಟ್ರಾಫಿಕ್ಕನ್ನು ಬೈತಾರೆ, ಬೆಳ್ಳಂದೂರಿನವರು ಬೆಳ್ಳಂದೂರನ್ನು. ಆದರೆ ಆ ಹದಿನೈದು ನಿಮಿಷ ಹುಟ್ಟಿದ್ದು ಎಲ್ಲಿ? ನಿಗದಿತ ಸಮಯ ಮತ್ತು ಬಸ್ಸು ನಿಜವಾಗಿ ಬಂದ ಸಮಯ, ಇವೆರಡನ್ನು ಅಕ್ಕಪಕ್ಕ ಇಟ್ಟು ಸರಿಯಾಗಿ ಕಳೆದರೆ ಉತ್ತರ ಸಿಗುತ್ತೆ. ತಪ್ಪಾಗಿ ಕಳೆದರೂ ಒಂದು ಉತ್ತರ ಸಿಗುತ್ತೆ, ತೊಂದರೆ ಇರೋದೇ ಅಲ್ಲಿ!

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆ ಹೋಗುವ ಒಂದು ಬಸ್ಸನ್ನು ತಗೊಳ್ಳೋಣ. ದಾರಿ ನಿಜವಾದದ್ದು, ಸಮಯಗಳು ಮಾತ್ರ ಲೆಕ್ಕ ತೋರಿಸಲು ನಾನು ಹಾಕಿಕೊಂಡವು. ಹೆಬ್ಬಾಳ ಬಿಡಬೇಕಾದದ್ದು 8:30ಕ್ಕೆ, ಬಿಟ್ಟಿದ್ದು 8:32ಕ್ಕೆ. ಕಲ್ಯಾಣ ನಗರಕ್ಕೆ 8:50ರ ಬದಲು 8:54ಕ್ಕೆ ಬಂತು. ಟಿನ್ ಫ್ಯಾಕ್ಟರಿಗೆ 9:06ರ ಬದಲು 9:12, ಮಹದೇವಪುರಕ್ಕೆ 9:14ರ ಬದಲು 9:29, ಮಾರತ್ತಹಳ್ಳಿಗೆ 9:24ರ ಬದಲು 9:40. ಅಂದರೆ ವಿಳಂಬ ಕ್ರಮವಾಗಿ 2, 4, 6, 15, 16 ನಿಮಿಷ.

ಬಹಳಷ್ಟು ವರದಿಗಳು ಇಲ್ಲಿಗೇ ನಿಲ್ಲುತ್ತವೆ. ಪ್ರತಿ ಸ್ಟಾಪಿನ ಸರಾಸರಿ ವಿಳಂಬ ತೆಗೆದು, ಹೆಚ್ಚಿರುವ ಕಡೆ ಕೆಂಪು ಬಣ್ಣ ಬಳಿದು, ನಕ್ಷೆ ಮಾಡಿ ಕೊಟ್ಟುಬಿಡ್ತಾರೆ. ಆ ನಕ್ಷೆಯಲ್ಲಿ ಮಾರತ್ತಹಳ್ಳಿ ಎಲ್ಲಕ್ಕಿಂತ ಕೆಂಪಗಿರುತ್ತೆ. ಆದರೆ ಮಹದೇವಪುರಕ್ಕೆ ಬರುವಾಗಲೇ ಬಸ್ಸು 15 ನಿಮಿಷ ತಡವಾಗಿತ್ತಲ್ವಾ? ಮಹದೇವಪುರದಿಂದ ಮಾರತ್ತಹಳ್ಳಿಗೆ ಸೇರಿದ್ದು ಒಂದೇ ಒಂದು ನಿಮಿಷ. ವಿಳಂಬವನ್ನು ಬಸ್ಸು ಹೆಗಲ ಮೇಲೆ ಹೊತ್ತುಕೊಂಡು ಮುಂದಿನ ಸ್ಟಾಪಿಗೆ ಹೋಗುತ್ತೆ. ಹಾಗಾಗಿ ನೋಡಬೇಕಾದ್ದು ವಿಳಂಬವನ್ನಲ್ಲ, ಒಂದು ಸ್ಟಾಪಿನಿಂದ ಮುಂದಿನದಕ್ಕೆ ವಿಳಂಬ ಎಷ್ಟು ಬೆಳೆಯಿತು ಅನ್ನೋದನ್ನು. ಹಾಗೆ ಕಳೆದರೆ ನಮ್ಮ ಬಸ್ಸಿನ ಸಂಖ್ಯೆಗಳು 2, 2, 9, 1 ಆಗುತ್ತವೆ. ಆ 9 ನಿಮಿಷ ಟಿನ್ ಫ್ಯಾಕ್ಟರಿ ಮತ್ತು ಮಹದೇವಪುರದ ನಡುವೆ ಕೂತಿದೆ. ಹಳೇ ಮದ್ರಾಸ್ ರಸ್ತೆಯ ವಾಹನಗಳೂ ವರ್ತುಲ ರಸ್ತೆಯವೂ ಕೂಡುವ, ಕೆ.ಆರ್. ಪುರದ ತೂಗುಸೇತುವೆಯ ಜಾಗ ಅದು.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಜಗತ್ತಿನ ಎಷ್ಟೋ ಸಾರಿಗೆ ಸಂಸ್ಥೆಗಳು ವೇಳಾಪಟ್ಟಿಯನ್ನು ಪ್ರಕಟಿಸುವ ಮಾದರಿಯಲ್ಲಿ `stop_times.txt` ಅಂತ ಒಂದು ಕಡತ ಇರುತ್ತೆ. ಅದರಲ್ಲಿ ಪ್ರತಿ ಸ್ಟಾಪಿಗೂ ಎರಡು ಸಮಯ: ಬರುವುದಕ್ಕೆ `arrival_time`, ಹೊರಡುವುದಕ್ಕೆ `departure_time`. ನಿಜವಾದ ಸಮಯವನ್ನೂ ಹೀಗೇ ಎರಡಾಗಿ ದಾಖಲಿಸಿದರೆ 9 ನಿಮಿಷ ಒಡೆದು ಕಾಣುತ್ತೆ. ನಮ್ಮ ಬಸ್ಸು ಟಿನ್ ಫ್ಯಾಕ್ಟರಿಗೆ 9:12ಕ್ಕೆ ಬಂದು 9:17ಕ್ಕೆ ಹೊರಟಿತು ಅಂತಿಟ್ಟುಕೊಳ್ಳಿ. ವೇಳಾಪಟ್ಟಿಯಲ್ಲಿ ಅಲ್ಲಿ ನಿಲ್ಲೋಕೆ ಸಮಯವೇ ಕೊಟ್ಟಿಲ್ಲ. ಆಗ 5 ನಿಮಿಷ ಸ್ಟಾಪಿನಲ್ಲೇ ಹೋಯಿತು, ಉಳಿದ 4 ರಸ್ತೆಯಲ್ಲಿ.

ಈ ವಿಂಗಡಣೆ ಯಾಕೆ ಬೇಕು ಅಂದ್ರೆ, ಎರಡಕ್ಕೂ ಔಷಧ ಬೇರೆ. ರಸ್ತೆಯಲ್ಲಿ ಹೋದ ನಿಮಿಷಕ್ಕೆ ಸಿಗ್ನಲ್ಲೋ ಬಸ್ಸಿಗೇ ಮೀಸಲಾದ ದಾರಿಯೋ ಬೇಕು. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಅಂಥ ಬಸ್ ಪಥ ಮಾಡಿದ್ದರು, ಆಮೇಲೆ ಮೆಟ್ರೊ ಕಾಮಗಾರಿ ಬಂತು. ಸ್ಟಾಪಿನಲ್ಲಿ ಹೋದ ನಿಮಿಷದ ಕತೆಯೇ ಬೇರೆ. ಮುಂದೆ ನಿಂತ ಆಟೋಗಳು, ಒಟ್ಟಿಗೇ ಬಂದ ಮೂರು ಬಸ್ಸು, ಫುಟ್‌ಬೋರ್ಡ್ ಮೇಲೆ ಸಿಕ್ಕಿಕೊಂಡ ಜನ, ಸ್ಟೇಜ್ ದಾಟುವ ಮುಂಚೆ ಟಿಕೆಟ್ ಕೊಟ್ಟು ಮುಗಿಸಲು ಕಂಡಕ್ಟರ್ ಬಸ್ಸು ನಿಲ್ಲಿಸೋದು. ಇದಕ್ಕೆ ಫ್ಲೈಓವರ್ ಕಟ್ಟಿ ಪ್ರಯೋಜನ ಇಲ್ಲ.

ಒಂದು ದಿನದ ಲೆಕ್ಕದಿಂದ ಯಾವ ಜಾಗವನ್ನೂ ಕಾಯಂ ರೋಗಿ ಅನ್ನಬಾರದು. ಕನಿಷ್ಠ ಇಪ್ಪತ್ತು ಕೆಲಸದ ದಿನಗಳನ್ನು ತಗೊಂಡು, ಒಂದೇ ಹೊತ್ತಿನ ಟ್ರಿಪ್‌ಗಳನ್ನು ಮಾತ್ರ ಹೋಲಿಸಬೇಕು. ಇಲ್ಲಿ ಸರಾಸರಿ ಕೈ ಕೊಡುತ್ತೆ. ಒಂದು ಜಾಗದಲ್ಲಿ ಇಪ್ಪತ್ತೂ ದಿನ 5 ನಿಮಿಷ ಸೇರಿತು, ಸರಾಸರಿ 5. ಇನ್ನೊಂದು ಜಾಗದಲ್ಲಿ ಹತ್ತೊಂಬತ್ತು ದಿನ 1 ನಿಮಿಷ, ಮರ ಬಿದ್ದ ಒಂದು ದಿನ 81 ನಿಮಿಷ. ಒಟ್ಟು 100, ಸರಾಸರಿ ಅದೇ 5! ಎರಡನೆಯದು ಆಕಸ್ಮಿಕ, ಮೊದಲನೆಯದು ದಿನನಿತ್ಯದ ಗೋಳು. ಅದಕ್ಕೇ ಇಪ್ಪತ್ತೂ ಸಂಖ್ಯೆಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ನೋಡಬೇಕು. ಜೊತೆಗೆ 'ಮೂರು ನಿಮಿಷಕ್ಕಿಂತ ಹೆಚ್ಚು ಸೇರಿದ್ದು ಎಷ್ಟು ದಿನ' ಅಂತ ಎಣಿಸಬೇಕು. ಇಪ್ಪತ್ತರಲ್ಲಿ ಹದಿನಾರು ದಿನ ಅಂತ ಬಂದರೆ ಅದು ಕಾಯಂ ಜಾಗ.

ಆದರೂ ಅನುಮಾನ ಒಂದು ಉಳಿಯುತ್ತೆ: ತಪ್ಪು ರಸ್ತೆಯದೋ, ವೇಳಾಪಟ್ಟಿಯದೋ? ಎಷ್ಟೋ ವೇಳಾಪಟ್ಟಿಗಳಲ್ಲಿ ಮೊದಲ ಮತ್ತು ಕೊನೆಯ ಸ್ಟಾಪಿನ ಸಮಯ ಮಾತ್ರ ಯಾರೋ ಯೋಚಿಸಿ ಹಾಕಿದ್ದು. ನಡುವಿನವನ್ನು ದೂರಕ್ಕೆ ತಕ್ಕಂತೆ ಹಂಚಿಬಿಟ್ಟಿರುತ್ತಾರೆ, ಬಸ್ಸು ದಾರಿಯುದ್ದಕ್ಕೂ ಒಂದೇ ವೇಗದಲ್ಲಿ ಓಡುತ್ತೆ ಅನ್ನೋ ಹಾಗೆ. ಇದನ್ನು ಹಿಡಿಯಲು ಸುಲಭ ದಾರಿ ಇದೆ. ಬೆಳಗಿನ ಜಾವದ ಮೊದಲ ಬಸ್ಸನ್ನು ನೋಡಿ. ರಸ್ತೆ ಖಾಲಿ ಇದ್ದಾಗಲೂ ಅದೇ ಜಾಗದಲ್ಲಿ 4 ನಿಮಿಷ ಸೇರುತ್ತಿದ್ದರೆ ಆ 4 ನಿಮಿಷ ಟ್ರಾಫಿಕ್ಕಿನದಲ್ಲ, ಕಾಗದದ್ದು. ಡ್ರೈವರ್ ಎಷ್ಟೇ ಚೆನ್ನಾಗಿ ಓಡಿಸಿದರೂ ಆ ಸಮಯಕ್ಕೆ ಮುಟ್ಟಿಸೋಕೆ ಆಗಲ್ಲ. ಪಾಪ, ಮೆಮೊ ಮಾತ್ರ ಅವರ ಹೆಸರಿಗೇ ಬರುತ್ತೆ.

ಕೊನೆಯ ಸ್ಟಾಪಿನ ಮುಂಚೆ ಧಾರಾಳವಾಗಿ ಸಮಯ ಬಿಟ್ಟಿರುವುದೂ ಉಂಟು. ಆಗ ನಡುವೆ 16 ನಿಮಿಷ ತಡವಾಗಿದ್ದ ಬಸ್ಸು ಸಿಲ್ಕ್ ಬೋರ್ಡಿಗೆ 3 ನಿಮಿಷ ಮಾತ್ರ ತಡವಾಗಿ ತಲುಪಿ, ವರದಿಯಲ್ಲಿ 'ಸಮಯಕ್ಕೆ ಸರಿ' ಅನ್ನಿಸಿಕೊಳ್ಳುತ್ತೆ. ಮಾರತ್ತಹಳ್ಳಿಯಲ್ಲಿ ಕಾದವರು ಲೆಕ್ಕಕ್ಕೇ ಇಲ್ಲ. ಆ ಬಿಡುವಿನ ಸಮಯ ಇಲ್ಲದಿದ್ದರೂ ಕಷ್ಟವೇ ಅನ್ನಿ. ತಡವಾಗಿ ಬಂದ ಡ್ರೈವರ್ ಟೀ ಕುಡಿಯದೆ ತಿರುಗಬೇಕು, ಇಲ್ಲವೇ ವಾಪಸ್ ಟ್ರಿಪ್ ತಡವಾಗಿ ಹೊರಡಬೇಕು. ಹೆಬ್ಬಾಳದಲ್ಲಿ ಶುರುವಿನಲ್ಲೇ ಕಂಡ 2 ನಿಮಿಷ ಹಾಗೆ ಹಿಂದಿನ ಟ್ರಿಪ್ಪಿನಿಂದ ಬಂದ ಸಾಲವೂ ಆಗಿರಬಹುದು.

ಇನ್ನು ಬಾರದೇ ಇದ್ದ ಬಸ್ಸು. ರದ್ದಾದ ಟ್ರಿಪ್‌ಗೆ ನಿಜವಾದ ಸಮಯವೇ ಇಲ್ಲ, ಹಾಗಾಗಿ ಕಳೆಯೋಕೆ ಏನೂ ಇಲ್ಲ, ಸಾಲು ಸುಮ್ಮನೆ ಮಾಯವಾಗುತ್ತೆ. ಕೆಟ್ಟು ನಿಂತ ಬಸ್ಸುಗಳು ಹೆಚ್ಚಿದಷ್ಟೂ ವರದಿ ಚೆನ್ನಾಗಿ ಕಾಣುತ್ತೆ! ಯಾವುದೇ ಸಮಯಪಾಲನೆಯ ವರದಿ ಕೈಗೆ ಬಂದರೆ, ಓಡಬೇಕಿದ್ದ ಟ್ರಿಪ್‌ಗಳೆಷ್ಟು, ಸಮಯ ಸಿಕ್ಕ ಟ್ರಿಪ್‌ಗಳೆಷ್ಟು ಅನ್ನೋ ಎರಡು ಸಂಖ್ಯೆಗಳನ್ನು ನಾನು ಮೊದಲು ಹುಡುಕ್ತೀನಿ. ಅವಿಲ್ಲದಿದ್ದರೆ ಮುಂದಿನ ಪುಟಗಳನ್ನು ಅಷ್ಟಾಗಿ ನಂಬಲ್ಲ.

ಬಸ್ಸುಗಳು ಬೆನ್ನುಬೆನ್ನಿಗೆ ಬರುವ ದಾರಿಯಲ್ಲಿ ವೇಳಾಪಟ್ಟಿ ನೋಡಿಕೊಂಡು ಯಾರೂ ಮನೆ ಬಿಡಲ್ಲ. ಲಂಡನ್ನಿನಲ್ಲಿ ಗಂಟೆಗೆ 5 ಅಥವಾ ಹೆಚ್ಚು ಬಸ್ಸುಗಳಿರುವ ಮಾರ್ಗಗಳಿಗೆ 'ಎಷ್ಟು ನಿಮಿಷ ತಡ' ಅಂತ ಅಳೆಯುವುದಿಲ್ಲ, ಪ್ರಯಾಣಿಕರು ಕಾಯಬೇಕಾದದ್ದಕ್ಕಿಂತ ಎಷ್ಟು ಹೆಚ್ಚು ಕಾದರು ಅಂತ ಅಳೀತಾರೆ. ವರ್ತುಲ ರಸ್ತೆಯ ಬೆಳಗಿನ ಹೊತ್ತಿಗೆ ನನಗೂ ಅದೇ ಸರಿ ಅನ್ಸುತ್ತೆ. ಆದರೆ ಗಂಟೆಗೊಂದೇ ಬಸ್ಸಿರುವ ಬಡಾವಣೆಗೆ, ಸಂಜೆಯ ಕೊನೆಯ ಬಸ್ಸಿಗೆ, ನಿಮಿಷದ ಲೆಕ್ಕವೇ ಬೇಕು. ಅಲ್ಲಿ 2 ನಿಮಿಷ ಬೇಗ ಹೊರಟ ಬಸ್ಸು 10 ನಿಮಿಷ ತಡವಾದದ್ದಕ್ಕಿಂತ ಕೆಟ್ಟದ್ದು, ಯಾಕಂದ್ರೆ ತಡವಾದ ಬಸ್ಸು ಕಾದರೆ ಸಿಗುತ್ತೆ.

ಇಷ್ಟಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ದಿನವೂ ಒಂದೇ ಬಸ್ಸಲ್ಲಿ ಹೋಗುವ ಇಬ್ಬರು ನಾಲ್ಕೈದು ಸ್ಟಾಪುಗಳಲ್ಲಿ ಬಂದ ಸಮಯ, ಹೊರಟ ಸಮಯ ಅಂತ ಮೊಬೈಲಿನಲ್ಲಿ ಬರೆದಿಟ್ಟರೆ ಒಂದು ತಿಂಗಳಲ್ಲಿ ಇಪ್ಪತ್ತು ಸಾಲು ಆಗುತ್ತೆ. ಆಮೇಲೆ ದೂರು ಕೊಡುವಾಗ "ಬಸ್ಸು ಯಾವಾಗಲೂ ಲೇಟು" ಅಂತ ಬರೆಯುವ ಬದಲು, "ಬೆಳಗ್ಗೆ 9ರಿಂದ 9:30ರ ನಡುವೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲೇ 5 ನಿಮಿಷ ಹೋಗ್ತಿದೆ, ಇಪ್ಪತ್ತರಲ್ಲಿ ಹದಿನಾರು ದಿನ" ಅಂತ ಬರೆಯಬಹುದು. ಆ ದೂರು ಡಿಪೋಗೆ ಹೋಗಬೇಕೋ, ಟ್ರಾಫಿಕ್ ಪೊಲೀಸರಿಗೋ ಅನ್ನೋದು ಅದೇ ಸಾಲಲ್ಲಿ ಗೊತ್ತಾಗುತ್ತೆ.