ಹಬ್ಬದ ಡ್ಯೂಟಿಗೆ ಡಬಲ್ ಪಗಾರವೋ, ಸಿ-ಆಫೋ?

2025ರ ಅಕ್ಟೋಬರ್ 2ರಂದು ಗಾಂಧಿ ಜಯಂತಿ ಮತ್ತು ವಿಜಯದಶಮಿ ಒಂದೇ ದಿನ ಬಿದ್ದವು. ಶಾಲೆಯ ಮಕ್ಕಳಿಗೆ ಒಂದು ರಜೆ ಖೋತಾ ಆಯಿತೆಂಬ ಬೇಸರ. ಕಾರ್ಖಾನೆಯ ನೌಕರರಿಗೆ ಮಾತ್ರ ಅದು ಲೆಕ್ಕದ ಪ್ರಶ್ನೆಯಾಗಿತ್ತು. ವಿಜಯದಶಮಿಯನ್ನು ಹಬ್ಬದ ರಜೆಗಳ ಪಟ್ಟಿಗೆ ಸೇರಿಸಿದ್ದ ಕಡೆ ಒಂದು ರಜೆ ಹೋಯಿತು. ಅದರ ಬದಲು ಹಿಂದಿನ ದಿನದ ಆಯುಧಪೂಜೆಯನ್ನು ಬರೆಸಿದ್ದವರಿಗೆ ಎರಡೂ ಉಳಿದವು.

ಆ ಪಟ್ಟಿಯ ಮೂಲ, ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ಕರ್ನಾಟಕದಲ್ಲಿರುವ 1963ರ ಕಾಯಿದೆ. ಹೆಸರಿನಲ್ಲಿ ಕೈಗಾರಿಕೆ ಇದ್ದರೂ ಅಂಗಡಿ, ವಾಣಿಜ್ಯ ಕಚೇರಿಗಳೂ ಇದರೊಳಗೆ ಬರುತ್ತವೆ. ಇದರ ಪ್ರಕಾರ ವರ್ಷಕ್ಕೆ ಸಂಬಳ ಸಹಿತ ರಜೆ ಹತ್ತು. ಗಣರಾಜ್ಯೋತ್ಸವ, ಮೇ 1, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ ಈ ಐದನ್ನು ಯಾರೂ ಬದಲಿಸುವಂತಿಲ್ಲ. ಉಳಿದ ಐದು ಹಬ್ಬಗಳು ಯಾವುವೆಂಬುದು ಮಾಲೀಕರು, ನೌಕರರು ಇಬ್ಬರನ್ನೂ ಕೇಳಿ ತೀರ್ಮಾನವಾಗಬೇಕು. ಯುಗಾದಿ ಬೇಕೋ ರಂಜಾನ್ ಬೇಕೋ ಕ್ರಿಸ್‌ಮಸ್ ಬೇಕೋ ಎಂದು ಹೇಳುವ ಅವಕಾಶ ನೌಕರರಿಗಿದೆ. ಆದರೆ ಎಷ್ಟೋ ಕಡೆ ಆ ಪಟ್ಟಿ ಹಿಂದಿನ ವರ್ಷದ ನಕಲು, ಬದಲಾಗುವುದು ತಾರೀಕು ಮಾತ್ರ.

ಇನ್ನು ರಜೆಯ ದಿನವೇ ಕೆಲಸಕ್ಕೆ ಬರಹೇಳಿದರೆ? ಕಾಯಿದೆ ಎರಡು ದಾರಿ ಕೊಡುತ್ತದೆ. ಆ ದಿನಕ್ಕೆ ಎರಡು ಪಟ್ಟು ವೇತನ, ಇಲ್ಲವೇ ಆ ದಿನದ ವೇತನದ ಜೊತೆಗೆ ಬೇರೊಂದು ದಿನ ಸಂಬಳ ಸಹಿತ ರಜೆ. ಈ ಬದಲಿ ರಜೆಯನ್ನೇ ಶಾಪ್ ಫ್ಲೋರಿನಲ್ಲಿ ಸಿ-ಆಫ್ ಎನ್ನುತ್ತಾರೆ. ಎರಡರಲ್ಲಿ ಯಾವುದೆಂದು ಆರಿಸುವ ಹಕ್ಕು ನೌಕರನದು. ವ್ಯವಹಾರದಲ್ಲಿ ತಲೆಕೆಳಗಾಗಿರುವುದು ಇದೇ. ‘ನಮ್ಮಲ್ಲಿ ಡಬಲ್ ಇಲ್ಲ, ಸಿ-ಆಫ್ ಮಾತ್ರ’ ಎಂದು ಸೂಪರ್‌ವೈಸರ್ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಪೀಣ್ಯದ ಒಬ್ಬ ಟರ್ನರ್‌ಗೆ ತಿಂಗಳಿಗೆ ₹18,200 ವೇತನ ಎಂದಿಟ್ಟುಕೊಳ್ಳಿ. ವಾರದ ರಜೆ ಕಳೆದು 26 ದಿನಕ್ಕೆ ಹಂಚಿದರೆ ದಿನಕ್ಕೆ ₹700. ರಾಜ್ಯೋತ್ಸವದ ದಿನ ಅವನು ಲೇತ್ ಮುಂದೆ ನಿಂತರೆ ಆ ದಿನಕ್ಕೆ ಸಲ್ಲಬೇಕಾದದ್ದು ₹1,400. ಅದರಲ್ಲಿ ₹700 ತಿಂಗಳ ಸಂಬಳದಲ್ಲೇ ಸೇರಿದೆ, ಹೀಗಾಗಿ ಕೈಗೆ ಬರುವ ಮೊತ್ತ ₹18,900 ಆಗಬೇಕು. ಸಿ-ಆಫ್ ಆರಿಸಿದರೆ ₹18,200 ಜೊತೆಗೆ ಒಂದು ದಿನದ ಬಿಡುವು. ಲೆಕ್ಕದ ಗುಮಾಸ್ತರು 26ರ ಬದಲು 30ರಿಂದ ಭಾಗಿಸಿದರೆ ದಿನಗೂಲಿ ₹607ರ ಆಸುಪಾಸಿಗೆ ಇಳಿದು, ಸದ್ದಿಲ್ಲದೆ ₹93 ಹೋಗುತ್ತದೆ. ಸಿ-ಆಫ್ ಒಪ್ಪಿಕೊಂಡು ಅದನ್ನು ಬಳಸಲೇ ಇಲ್ಲವೆಂದರೆ ಆ ದಿನದ ದುಡಿಮೆ ಬಿಟ್ಟಿ ಚಾಕರಿ.

ಸಿ-ಆಫ್ ಮಾಯವಾಗುವ ಬಗೆಗಳೂ ಪರಿಚಿತವೇ. ‘ಆಮೇಲೆ ತಗೊಳ್ಳಪ್ಪ’ ಎಂಬ ಬಾಯಿಮಾತು ಹಾಜರಿ ಪುಸ್ತಕಕ್ಕೆ ಏರುವುದಿಲ್ಲ. ಇನ್ನೊಂದು ಸ್ವಲ್ಪ ಚಾಲಾಕಿನದು: ಕರೆಂಟು ಹೋದ ದಿನ, ಆರ್ಡರ್ ಇಲ್ಲದ ದಿನ ಮನೆಗೆ ಕಳಿಸಿ, ‘ನಿನ್ನ ಸಿ-ಆಫ್ ಮುಗೀತು’ ಎನ್ನುವುದು. ಹಬ್ಬಕ್ಕೆ ರಜೆ ಕೊಟ್ಟು ಮುಂದಿನ ಭಾನುವಾರ ದುಡಿಸಿ ಸರಿದೂಗಿಸುವ ರೂಢಿಯೂ ಉಂಟು. ಹತ್ತರಾಚೆ ಒಂದು ಹೆಚ್ಚುವರಿ ರಜೆ, ಉದಾಹರಣೆಗೆ ದೀಪಾವಳಿ ಮರುದಿನ ಊರಿಗೆ ಹೋಗಲು ಕೊಟ್ಟದ್ದಾದರೆ ಅದು ಪರಸ್ಪರ ಒಪ್ಪಂದದ ಮಾತು. ಪಟ್ಟಿಯಲ್ಲಿರುವ ಹಬ್ಬಕ್ಕೇ ಹಾಗೆ ಮಾಡಿದರೆ ಅದು ಕೊಟ್ಟ ರಜೆಯನ್ನು ವಾಪಸ್ ಕಿತ್ತುಕೊಂಡಂತೆ.

ವಾರದ ರಜೆಯನ್ನೂ ಹಬ್ಬದ ರಜೆಯನ್ನೂ ಒಂದೇ ಎಂದುಕೊಳ್ಳಬಾರದು. ಕಾರ್ಖಾನೆಯಲ್ಲಿ ವಾರದ ರಜೆಯ ದಿನ ದುಡಿದರೆ ಎರಡು ತಿಂಗಳೊಳಗೆ ಬದಲಿ ರಜೆ ಸಿಗಬೇಕು. ಆದರೆ ಭಾನುವಾರ ಬಂದೆನೆಂಬ ಒಂದೇ ಕಾರಣಕ್ಕೆ ಡಬಲ್ ಪಗಾರ ಬರುವುದಿಲ್ಲ, ಅದು ಓವರ್‌ಟೈಮ್‌ನ ಲೆಕ್ಕಕ್ಕೆ ಹೋಗುತ್ತದೆ. ಸರ್ಕಾರಿ ನೌಕರರಿಗೆ ಅವರದೇ ನಿಯಮಗಳಿವೆ. ಆ್ಯಪ್ ಹಿಡಿದು ಊಟ ತಲುಪಿಸುವ ಹುಡುಗರನ್ನು ಕಂಪನಿಗಳು ನೌಕರರೆಂದೇ ಪರಿಗಣಿಸದ ಕಾರಣ ಹಬ್ಬದ ದಿನ ಅವರಿಗೆ ಸಿಗುವುದು ಇನ್ಸೆಂಟಿವ್, ಅದೂ ಕಂಪನಿಯ ಮರ್ಜಿ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದ ಮೇಲೆ ‘ಹಳೇ ಕಾನೂನೆಲ್ಲ ಹೋಯ್ತು’ ಎಂಬ ಮಾತು ಹರಿದಾಡುತ್ತಿದೆ. ಸಂಹಿತೆಗಳು ನುಂಗಿದ್ದು 29 ಕೇಂದ್ರ ಕಾನೂನುಗಳನ್ನು. 1963ರದು ರಾಜ್ಯದ ಕಾಯಿದೆ, ಆ ಪಟ್ಟಿಯಲ್ಲಿ ಇಲ್ಲ.

ಆದ್ದರಿಂದ ಹಬ್ಬದ ದಿನ ಡ್ಯೂಟಿಗೆ ಹೋಗುವವರು ಎರಡು ಕೆಲಸ ಮಾಡಲಿ. ನೋಟಿಸ್ ಬೋರ್ಡಿನ ರಜಾ ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಲಿ. ಡಬಲ್ ಬೇಕೋ ಸಿ-ಆಫ್ ಬೇಕೋ ಎಂಬುದನ್ನು ಅಂದೇ ಒಂದು ಚೀಟಿಯಲ್ಲೋ ಮೆಸೇಜಿನಲ್ಲೋ ಬರೆದು ಕೊಡಲಿ. ನಾಳೆ ಕಾರ್ಮಿಕ ನಿರೀಕ್ಷಕರ ಎದುರು ನಿಲ್ಲಬೇಕಾಗಿ ಬಂದರೆ ಅವರು ಮೊದಲು ಕೇಳುವುದು ದಾಖಲೆಯನ್ನೇ.